ತೊಂಬತ್ತು

ಪೇಜರ್ ಕೂಗಿದ್ದು ರಾತ್ರಿ 1:50ಕ್ಕೆ. ಆನ್‌ಕಾಲ್ ವಾರ ಬಂತೆಂದರೆ ವೀಣಾ ಹಾಲ್‌ನ ಸೋಫಾದ ಮೇಲೇ ಮಲಗುತ್ತಾಳೆ. ಗಂಡನಿಗೆ ನಿದ್ದೆಗೆಡುವುದು ಬೇಡ, ಮಗಳಿಗೆ ಬೆಳಗ್ಗೆ ಶಾಲೆ. ಟೀಪಾಯಿಯ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಕೆಂಪು ಸಾಲು: ಇಂಡಿಯಾ, ಯುಪಿಐ, ಯಶಸ್ವಿ ಪಾವತಿ ಶೇ. 61. ಅದು 98ಕ್ಕಿಂತ ಕೆಳಗಿಳಿದರೇ ಯಾರಾದರೊಬ್ಬರು ಏಳಬೇಕು.

ಸಿಯಾಟಲ್‌ನಲ್ಲಿ ರಾತ್ರಿ 1:50 ಎಂದರೆ ಸಿರ್ಸಿಯಲ್ಲಿ ಮಧ್ಯಾಹ್ನ 2:20. ಮಾರ್ಚಿನಲ್ಲಿ ಇಲ್ಲಿಯವರು ಗಡಿಯಾರ ಮುಂದಿಟ್ಟ ಮೇಲೆ ಅಂತರ ಹನ್ನೆರಡೂವರೆ ತಾಸು. ಸಿರ್ಸಿಯ ಹೊತ್ತನ್ನು ಅವಳು ಲೆಕ್ಕ ಹಾಕುವುದಿಲ್ಲ, ಅದು ತಾನಾಗಿ ಬರುತ್ತದೆ. ಇವತ್ತಂತೂ ಮಾರಿಕಾಂಬೆ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತಿದ್ದಾಳೆ. ಆಯಿ ಮತ್ತು ಅವಳ ಸ್ವಸಹಾಯ ಸಂಘದ ಹೆಂಗಸರು ಜಾತ್ರೆಪೇಟೆಯಲ್ಲಿ ತೊಡದೇವು ಎಂಬ ಸಿಹಿತಿಂಡಿಯ ಅಂಗಡಿ ಹಾಕಿದ್ದಾರೆ.

ಬ್ರಿಜ್ ಕಾಲ್‌ಗೆ ಸೇರುವಷ್ಟರಲ್ಲಿ ಬೆಂಗಳೂರಿನವರು, ಹೈದರಾಬಾದಿನವರು ಆಗಲೇ ಮಾತಾಡುತ್ತಿದ್ದರು. ಅಲ್ಲಿ ಹಗಲು, ಎಲ್ಲರ ದನಿಯೂ ಚುರುಕು. ಒಂದು ದೊಡ್ಡ ಬ್ಯಾಂಕಿನಿಂದ ಉತ್ತರ ಬರುವುದು ಮಧ್ಯಾಹ್ನದಿಂದ ತಡವಾಗುತ್ತಿದೆ, ಸಮಸ್ಯೆ ಅಲ್ಲಿಯದೇ, ಅವರಿಗೆ ಮೇಲ್ ಹೋಗಿದೆ ಎನ್ನುವುದು ಸಾರಾಂಶ.

"ಹಾಗಾದ್ರೆ ನನ್ನನ್ನ ಯಾಕೆ ಎಬ್ಬಿಸಿದ್ರಿ?" ಎಂದಳು ವೀಣಾ.

"ಗೇಟ್‌ವೇ ಕನೆಕ್ಷನ್ ಎಲ್ಲ ಭರ್ತಿ ಆಗಿದೆ ಮೇಡಂ. ಗೇಟ್‌ವೇ ನಿಮ್ಮ ಟೀಮಿಂದು," ಎಂದ ಇಮ್ರಾನ್. ಬೆಂಗಳೂರಿನ ಹುಡುಗ, ಸಂಜೆ ಹೊತ್ತು ಕಾಲ್‌ನಲ್ಲಿದ್ದರೆ ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ ಕೇಳಿಸುತ್ತದೆ.

ಆ್ಯಪಿನಿಂದ ಬ್ಯಾಂಕುಗಳಿಗೆ ಪಾವತಿ ದಾಟಿಸುವ ಗೇಟ್‌ವೇಯ ಕನೆಕ್ಷನ್ ಭರ್ತಿಯಾಗಿದ್ದು ನಿಜ. ಆದರೆ ಒಂದು ಬ್ಯಾಂಕು ನಿಧಾನವಾದರೆ ಆ ಬ್ಯಾಂಕಿನ ಪಾವತಿ ಮಾತ್ರ ನಿಲ್ಲಬೇಕು. ಇಲ್ಲಿ ಎಲ್ಲ ಬ್ಯಾಂಕೂ ಒಟ್ಟಿಗೇ ಬಿದ್ದಿವೆ. ಮೊದಲು ಆ ಬ್ಯಾಂಕಿನ ದಾರಿಯನ್ನು ಬೇರೆ ಮಾಡಿ ಅದಕ್ಕೆ ಇಷ್ಟೇ ಕನೆಕ್ಷನ್ ಎಂದು ಕಟ್ಟು ಹಾಕಿದಳು. ಗ್ರಾಫು 61ರಿಂದ 66ಕ್ಕೆ ಹತ್ತಿ ಅಲ್ಲೇ ಕೂತಿತು. ಬೆಳಗ್ಗಿನಿಂದ ಆದ ಬದಲಾವಣೆಗಳ ಪಟ್ಟಿ ತೆರೆದಳು. ನಾಲ್ಕೇ ನಾಲ್ಕು. ಮೂರು ಪಾವತಿಗೆ ಸಂಬಂಧಿಸಿದ್ದೇ ಅಲ್ಲ. ನಾಲ್ಕನೆಯದರ ಮುಂದೆ "ಲೈಬ್ರರಿ ಹೊಸ ಆವೃತ್ತಿ, ವರ್ತನೆಯಲ್ಲಿ ಬದಲಾವಣೆ ಇಲ್ಲ" ಎಂದಿತ್ತು. ಅದನ್ನು ನೋಡಿ ಮುಂದೆ ಹೋದಳು. ಹಾಗೆ ಬರೆದದ್ದನ್ನು ಓದಿ ಯಾರೂ ನಿಲ್ಲುವುದಿಲ್ಲ. ಬರೆಯುವವರೂ ನಿಲ್ಲಲಿ ಎಂದು ಬರೆಯುವುದಿಲ್ಲ.

ಅವಳಿಗೆ ಕಾಣುವುದು ಅಂಕಿಗಳು ಮಾತ್ರ. ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಿದ ಮೇಲೆ ಕಂಪನಿ ಹೊರದೇಶದ ಎಂಜಿನಿಯರುಗಳಿಗೆ ಆ ಬಾಗಿಲನ್ನೇ ಮುಚ್ಚಿದೆ. ಯಾರು, ಯಾರಿಗೆ, ಎಷ್ಟು ಯಾವುದೂ ತಿಳಿಯದು. ಸೆಕೆಂಡಿಗೆ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ನಡುವೆ ಸಿಕ್ಕಿಕೊಂಡಿತು, ಇಷ್ಟೇ.

3:05ಕ್ಕೆ ಫೋನು ಗುಂಯ್‌ಗುಟ್ಟಿತು. ಆಯಿ. ವಾಟ್ಸಾಪ್‌ನಲ್ಲಿ ವೀಣಾ ಆನ್‌ಲೈನ್ ಎಂದು ಕಂಡಿರಬೇಕು. ಬ್ರಿಜ್‌ನಲ್ಲಿ ಮೈಕ್ ಬಂದ್ ಮಾಡಿ ಎತ್ತಿದಳು.

"ಎಚ್ಚರ ಇದ್ಯನೆ ಕೂಸೆ?"

"ಕೆಲಸ ಇದ್ದು ಆಯಿ. ಹೇಳು."

"ನಿನ್ನ ಆ್ಯಪಿಗೆ ಎಂತ ಆಜೇ? ದುಡ್ಡೇ ಬತ್ತಾ ಇಲ್ಲೆ." ಹಿಂದೆ ತೊಟ್ಟಿಲು ತಿರುಗಿಸುವವರ ಮೈಕು, ಪೀಪಿ, ಯಾರದೋ ಮಗುವಿನ ಅಳು. "ಮೊದ್ಲು ಟವರ್ ಇಲ್ಲೆ ಹೇಳಿ ಮಾಡಿದ್ಯ. ಜಾತ್ರೆ ಜನ, ಅಷ್ಟು ಫೋನಿಗೆ ಟವರ್ ಎಲ್ಲಿಂದ ಬರವು? ಆದ್ರೆ ನಿಂಗೆ ಫೋನ್ ಹೋಗ್ತಾ ಇದ್ದಲೆ. ಅವ್ರ ಖಾತೆಲಿ ಕಟ್ ಆಜಡ, ಇಲ್ಲಿ ಪೆಟ್ಟಿಗೆ ಕೂಗ್ತಾ ಇಲ್ಲೆ."

ಪೆಟ್ಟಿಗೆ ಅಂದರೆ ಸೌಂಡ್ ಬಾಕ್ಸ್. ಸಂಘದ ಹೆಂಗಸರಿಗೆ ಅದರ ಮೇಲೆ ಪೂರ್ತಿ ನಂಬಿಕೆ. ಶಾರದತ್ತೆ ಬೋರಲು ಹಾಕಿದ ಗಡಿಗೆಯ ಮುಂದೆ ಕೂತರೆ ಏಳುವ ಹಾಗಿಲ್ಲ. ಕೆಳಗೆ ಬೆಂಕಿ, ಮೇಲೆ ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಎಳೆತಕ್ಕೆ ಎಳೆಯಬೇಕು. ಕಾಗದದಷ್ಟು ತೆಳ್ಳಗೆ ಬಂದದ್ದನ್ನು ಬಿಸಿಯಿರುವಾಗಲೇ ಮಡಚಬೇಕು. ಕ್ಷಣ ತಡವಾದರೆ ಮುರಿಯುತ್ತದೆ. ಅಂಥ ಕೈಗೆ ಫೋನು ಒರೆಸಿ ಮೆಸೇಜು ಓದು ಎಂದರೆ ಆಗುವ ಮಾತಲ್ಲ. ಪೆಟ್ಟಿಗೆ ನೂರಿಪ್ಪತ್ತು ಎಂದು ಕೂಗಿದರೆ ಒಂದು ಕಟ್ಟು ಕೊಟ್ಟರಾಯಿತು.

"ರೊಕ್ಕ ಇದ್ದವ್ರ ಹತ್ರ ರೊಕ್ಕ ತಗ," ಎಂದಳು ವೀಣಾ. ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಸಮಸ್ಯೆಯನ್ನು ಕಂಪನಿ ಒಪ್ಪಿಕೊಳ್ಳುವ ಮೊದಲು ಉದ್ಯೋಗಿ ಬಾಯಿಬಿಡಬಾರದು, ಅಮ್ಮನ ಹತ್ತಿರವೂ.

"ರೊಕ್ಕ ಯಾರ ಹತ್ರ ಇದ್ದೇ ಈಗ? ಉದ್ರಿ ಕೊಡ್ತಾ ಇದ್ದಿ. ಬೆಂಗ್ಳೂರಿನವ್ಕೂ ಕೊಟ್ಟೆ. ಸುಬ್ಬಿ ಪಟ್ಟಿ ಬರೀತಾ ಇದ್ದು. ಕುಮಟೆಯವ ಒಬ್ಬ ಮೂರು ಸಲ ಒತ್ತಿದ, ಮೂರು ಸಲನೂ ಪೆಂಡಿಂಗಡ. ಪಾಪ, ಬಸ್ಸಿಗೆ ಹೊತ್ತಾತು ಹೇಳಿ ಹೋದ."

"ಬರದೇ ಇದ್ರೆ ಅವಂಗೇ ವಾಪಸ್ ಹೋಗ್ತು ಆಯಿ. ಐದು ದಿನದ ಒಳಗೆ ಹೋಗಲೇ ಬೇಕು ಹೇಳಿ ರೂಲ್ ಇದ್ದು."

"ಅದೆಲ್ಲ ಇರ್ಲಿ. ಈ ಪೆಂಡಿಂಗು ಹೊಸಾ ನಮೂನೆ ಇದ್ದು ಕೂಸೆ. ಮೊದ್ಲು ಪಿನ್ ಒತ್ತಿದ್ರೆ ಚಕ್ರ ತಿರುಗ್ತಿತ್ತು, ತಿರುಗೀ ತಿರುಗೀ ಆಮೇಲೆ ಹೇಳ್ತಿತ್ತು. ಈಗ ಬೆರಳು ತೆಗೆಯದ್ರೊಳಗೆ ಪೆಂಡಿಂಗ್ ಹೇಳ್ತು. ಕೇಳದೇ ಇಲ್ಲೆ, ಹೇಳದೇ."

ವೀಣಾ ಎದ್ದು ಕೂತಳು.

"ಬೆರಳು ತೆಗೆಯದ್ರೊಳಗೆ? ಆಯಿ, ಎಲ್ಲರಿಗೂ ಹಾಂಗೇಯ?"

"ಎಲ್ಲರಿಗೂ. ಆನು ಇಲ್ಲೇ ನಿಂತು ನೋಡ್ತಾ ಇದ್ನಲೆ."

"ಮತ್ತೆ ಮಾಡ್ತಿ," ಎಂದು ಫೋನಿಟ್ಟಳು.

ಬ್ಯಾಂಕು ತಡ ಮಾಡಿದ್ದರೆ ಪೆಂಡಿಂಗ್ ತಡವಾಗಿ ಬರಬೇಕು. ಪಿನ್ ಒತ್ತಿದ ಕೂಡಲೇ ಬರುತ್ತಿದೆಯೆಂದರೆ, ಯಾರೋ ಕೂಡಲೇ "ಆಯಿತೇ?" ಎಂದು ಕೇಳುತ್ತಿದ್ದಾರೆ, "ಇನ್ನೂ ಇಲ್ಲ" ಎಂಬ ಉತ್ತರವನ್ನು ತಂದು ತೋರಿಸುತ್ತಿದ್ದಾರೆ. ಹಣ ಒಂದು ಖಾತೆಯಿಂದ ಇಳಿದು ಇನ್ನೊಂದಕ್ಕೆ ಸೇರಲು ಕೆಲವು ಸೆಕೆಂಡಾದರೂ ಬೇಕು. ಪಾವತಿಯ ಸ್ಥಿತಿ ವಿಚಾರಿಸುವ ಕೆಲಸ ಗೇಟ್‌ವೇಯದ್ದೇ, ಅದು ಒಂದೂವರೆ ನಿಮಿಷ ಕಾಯಬೇಕು. ಅಷ್ಟರಲ್ಲಿ ಬಹುಪಾಲು ಪಾವತಿ ತಾನಾಗಿ ಮುಗಿದಿರುತ್ತದೆ, ವಿಚಾರಿಸುವ ಪ್ರಶ್ನೆಯೇ ಬರುವುದಿಲ್ಲ.

ಕಾನ್ಫಿಗ್ ತೆರೆದಳು.

```
status_check:
  first_after: 90
  max_attempts: 3
```

90. ಸರಿಯಾಗಿಯೇ ಇದೆ. ಎರಡು ವರ್ಷದಿಂದ ಹಾಗೇ ಇದೆ. ಆದರೆ ತೊಂಬತ್ತು ಏನು? ನಾಲ್ಕನೆಯ ಬದಲಾವಣೆಗೆ ವಾಪಸು ಹೋದಳು. ಹೊಸ ಲೈಬ್ರರಿಯ ಕೋಡಿನಲ್ಲಿ, ಘಟಕ ಬರೆಯದ ಅಂಕಿ ಬಂದರೆ ಮಿಲಿಸೆಕೆಂಡು ಎಂದು ತಿಳಿಯತಕ್ಕದ್ದು ಎಂಬ ಸಾಲು. ಹಳೆಯದರಲ್ಲಿ ಸೆಕೆಂಡು.

ಒಂದೂವರೆ ನಿಮಿಷ ಕಾಯಬೇಕಾದದ್ದು ಕಣ್ಣು ಮಿಟುಕಿಸುವಷ್ಟೂ ಕಾಯುತ್ತಿಲ್ಲ. ಪ್ರತಿ ಪಾವತಿಗೂ ಮೂರು ಸಲ ವಿಚಾರಣೆ. ಪಾವತಿ ಹೋಗುವ ಕನೆಕ್ಷನ್ನುಗಳಲ್ಲೇ ಈ ವಿಚಾರಣೆಗಳೂ ಹೋಗುತ್ತವೆ, ಅಂಗಡಿಗೆ ಹೋಗಬೇಕಾದ "ಹಣ ಬಂತು" ಎಂಬ ಸುದ್ದಿಯೂ. ಜೊತೆಗೆ ಪೆಂಡಿಂಗ್ ನೋಡಿದ ಜನ ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟೂ ವಿಚಾರಣೆ ಹೆಚ್ಚಿತು. ಹೊಸ ಆವೃತ್ತಿ ಸೋಮವಾರದಿಂದ ಹಂತ ಹಂತವಾಗಿ ಹೋಗಿ ಇವತ್ತು ಬೆಳಗ್ಗೆ ಎಲ್ಲ ಸರ್ವರಿಗೂ ತಲುಪಿತ್ತು. ಬ್ಯಾಂಕು ನಿಧಾನವಾದದ್ದೂ ಸುಳ್ಳಲ್ಲ. ಆದರೆ ಅದು ಒಲೆಯ ಮೇಲಿದ್ದ ಹಾಲಿಗೆ ಕೊನೆಯ ಸೌದೆ ಅಷ್ಟೇ.

ಬ್ರಿಜ್‌ನಲ್ಲಿ ಮೈಕ್ ತೆರೆದಳು. "ಬ್ಯಾಂಕನ್ನ ಬಿಡಿ. ಇಮ್ರಾನ್, ಸ್ಥಿತಿ ವಿಚಾರಣೆ ಎಷ್ಟು ಹೋಗ್ತಿದೆ ಅಂತ ಬೇರೆ ಮಾಡಿ ತೋರಿಸು."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಇಮ್ರಾನ್ ಅಂದ, "ಮೇಡಂ, ಪಾವತಿಗಿಂತ ಇದೇ ಜಾಸ್ತಿ ಇದೆಯಲ್ಲ!"

ಹಳೆಯ ಆವೃತ್ತಿಗೇ ಹಿಂದಿರುಗಿ ಎಂದ ಮ್ಯಾನೇಜರ್. ವೀಣಾ ಒಪ್ಪಲಿಲ್ಲ. ಹಿಂದಿರುಗಲು ಸರ್ವರುಗಳನ್ನು ಒಂದೊಂದಾಗಿ ಎಬ್ಬಿಸಿ ಕೂರಿಸಬೇಕು, ತಾಸು ಹಿಡಿಯುತ್ತದೆ. ಅಂಕಿಯ ಮುಂದೆ ಘಟಕ ಬರೆದರೆ ಸಾಕು.

```
status_check:
  first_after: 90s
  max_attempts: 3
```

ಒಂದೇ ಅಕ್ಷರ. ಆದರೂ ನಿಯಮದಂತೆ ಎರಡನೆಯವರು ನೋಡಿ ಒಪ್ಪಬೇಕು. ಇಮ್ರಾನ್ ಓದಿ, ಹೊಸ ಲೈಬ್ರರಿಗೆ `90s` ಅರ್ಥವಾಗುತ್ತದೆಯೇ ಎಂದು ಟೆಸ್ಟ್ ಓಡಿಸಿದ. ಆ ತುರ್ತಿನಲ್ಲೂ ಅವನು ಹಾಗೆ ಮಾಡಿದ್ದು ವೀಣಾಗೆ ಇಷ್ಟವಾಯಿತು. ಮೊದಲು ನೂರಕ್ಕೆ ಐದು ಸರ್ವರುಗಳಿಗೆ ಬಿಟ್ಟರು. ಅಲ್ಲಿ ಕನೆಕ್ಷನ್ ಕೂಡಲೇ ಖಾಲಿಯಾಯಿತು. ಇಪ್ಪತ್ತೈದಕ್ಕೆ. ಆಮೇಲೆ ಎಲ್ಲಕ್ಕೂ.

ಇನ್ನೊಂದು ಅಪಾಯ ಉಳಿದಿತ್ತು. ಸಿಕ್ಕಿಕೊಂಡಿದ್ದ ಪಾವತಿಗಳೆಲ್ಲ ಸರಿಯಾಗಿ ತೊಂಬತ್ತು ಸೆಕೆಂಡಿಗೆ ಒಟ್ಟಿಗೇ ವಿಚಾರಣೆಗೆ ಎದ್ದರೆ ಮತ್ತೆ ಅದೇ ಪಾಡು. ಬಾಕಿಯ ಸಾಲನ್ನು ಸೆಕೆಂಡಿಗೆ ಇಷ್ಟೇ ಎಂದು ಬಿಗಿಹಿಡಿದಳು. "ಇದರಿಂದ ಹಳೆಯದೆಲ್ಲ ಮುಗಿಯೋಕೆ ಮುಕ್ಕಾಲು ತಾಸಾಗುತ್ತೆ," ಎಂದು ಮ್ಯಾನೇಜರ್ ಗೊಣಗಿದ. ಆಗಲಿ ಎಂದಳು. ಹೊಸದಾಗಿ ಕೊಡಲು ನಿಂತವರದ್ದು ಮೊದಲು ಹೋಗಲಿ. ಆಗಲೇ ಕಟ್ಟಾದವರ ದುಡ್ಡು ಎಲ್ಲಿಗೂ ಓಡುವುದಿಲ್ಲ.

4:10ಕ್ಕೆ 83. 4:25ಕ್ಕೆ 97. ಹೈದರಾಬಾದಿನವರು ಚಹಾಕ್ಕೆ ಎದ್ದರು.

ಐದು ಹೊಡೆಯುವ ಮೊದಲೇ ಆಯಿಯ ಫೋನು. ಈ ಸಲ ಮಾತಿಗಿಂತ ಮೊದಲು ಕೇಳಿಸಿದ್ದು ಪೆಟ್ಟಿಗೆಯೇ. ನೂರಿಪ್ಪತ್ತು ರೂಪಾಯಿ ಬಂದಿದೆ. ಇನ್ನೂರ ನಲವತ್ತು ರೂಪಾಯಿ ಬಂದಿದೆ. ನೂರಿಪ್ಪತ್ತು. ನೂರಿಪ್ಪತ್ತು. ಉಸಿರು ಬಿಡದೆ ಕೂಗುತ್ತಿತ್ತು. ಸುತ್ತ ನಗು.

"ಕೇಳಿದ್ಯನೆ? ಹತ್ತು ನಿಮಿಷ ಆತು, ಬಾಯೇ ಮುಚ್ತಾ ಇಲ್ಲೆ. ಯಂಗ್ಳ ಅಂಗಡಿಲಿ ಗಿರಾಕಿ ಇಬ್ರೇ, ಪೆಟ್ಟಿಗೆ ಕೂಗದು ನೋಡಿದ್ರೆ ಜಾತ್ರೆ ಜನ ಎಲ್ಲ ಇಲ್ಲೇ ಇದ್ವೇನ ಹೇಳಿ ಬಳೆ ಅಂಗಡಿಯವ ಬಂದು ನೋಡ್ಕಂಡು ಹೋದ."

"ಪಟ್ಟಿಗೆ ತಾಳೆ ಆಗ್ತನೆ?"

"ಸುಬ್ಬಿ ಗೀಟು ಹಾಕ್ತಾ ಇದ್ದು. ಬೆಂಗ್ಳೂರಿನವ್ರದ್ದೂ ಬಂತು. ಆದ್ರೆ ಕುಮಟೆಯವಂದು ಮೂರೂ ಬಂದ್ಬಿಡ್ತು ಕೂಸೆ. ಅವ ತಗಂಡಿದ್ದು ಒಂದೇ ಕಟ್ಟು. ನೀ ಅಲ್ಲಿಂದ ನೋಡಿ ಅವ ಯಾರು ಹೇಳಲಾಗ್ತಾ?"

"ಇಲ್ಲೆ ಆಯಿ. ಯಂಗೆ ಯಾರ ಹೆಸ್ರೂ ಕಾಣ್ತಿಲ್ಲೆ."

"ಇಷ್ಟು ದೊಡ್ಡ ಕೆಲಸ, ಹೆಸ್ರು ಕಾಣದೇ ಇಲ್ಯ?"

"ನಿಂಗೆ ಕಾಣ್ತು. ಅಂಗಡಿ ಆ್ಯಪ್ ತೆಗಿ. ಅದ್ರಲ್ಲಿ ಇವತ್ತಿನ ಪಟ್ಟಿ ಇದ್ದು. ನೂರಿಪ್ಪತ್ತು ಮೂರು ಸಲ ಒಂದೇ ಹೆಸ್ರಿಂದ ಬಂದಿದ್ದು ಹುಡ್ಕು."

ಕನ್ನಡಕ ಹುಡುಕಿದ್ದು, ಸುಬ್ಬಿಯನ್ನು ಕರೆದದ್ದು, ಶಾರದತ್ತೆ ಗಡಿಗೆಯ ಮುಂದಿನಿಂದಲೇ ಏನೋ ಕೂಗಿದ್ದು ಎಲ್ಲ ಕೇಳಿಸಿತು. "ಸಿಕ್ಕಿದ," ಎಂದಳು ಆಯಿ. "ಹೆಸ್ರು ಇದ್ದು. ಈಗ?"

"ಅದ್ರ ಮೇಲೆ ಒತ್ತು. ಕೆಳಗೆ ರೀಫಂಡ್ ಹೇಳಿ ಇರ್ತು. ಎರಡಕ್ಕೆ ಮಾಡು, ಮೂರಕ್ಕೂ ಮಾಡಡ."

"ಒಂದು ಹೋತು." ಬಿಡುವು. "ಇನ್ನೊಂದೂ ಹೋತು." ಆಮೇಲೆ ಅನುಮಾನದ ದನಿ. "ಹೋದ್ದು ಹೌದನೆ? ಪೆಟ್ಟಿಗೆ ಕೂಗಿದ್ದಿಲ್ಲೆ."

"ಅದು ಬಂದಿದ್ದಕ್ಕೆ ಮಾತ್ರ ಕೂಗ್ತು ಆಯಿ. ಕೊಟ್ಟಿದ್ದಕ್ಕೆ ಕೂಗ್ತಿಲ್ಲೆ."

"ಅದೂ ಕೂಗವು ಹೇಳಿ ನಿಮ್ಮ ಕಂಪನಿಗೆ ಹೇಳು," ಎಂದಳು ಆಯಿ. "ತಡಿ, ಗಿರಾಕಿ ಬಂದ. ಇಡ್ತಿ."

ಬ್ರಿಜ್‌ನಲ್ಲಿ ಮ್ಯಾನೇಜರ್ ವರದಿಯ ನಮೂನೆ ತೆರೆದಿದ್ದ. "ಮೂಲ ಕಾರಣ ಬರೆದಾಯ್ತು. ಪತ್ತೆ ಹೇಗಾಯ್ತು ಅನ್ನೋ ಜಾಗಕ್ಕೆ ಏನು ಹಾಕ್ಲಿ? ಅಲರ್ಟ್?"

"ಅಲರ್ಟ್ ಅಲ್ಲ. ಅಂಗಡಿಯವರ ಫೋನು," ಎಂದಳು ವೀಣಾ.

"ಯಾವ ಅಂಗಡಿ?"

"ಸಿರ್ಸಿ. ತೊಡದೇವು."

"ಸ್ಪೆಲಿಂಗ್ ಹೇಳಿ ಮೇಡಂ," ಎಂದ ಇಮ್ರಾನ್.