ದುಡ್ಡು ಕೊಡುವವರು ಯಾರು?
(ಸಾಮಾಜಿಕ ಉದ್ಯಮಶೀಲತೆ ಕುರಿತು ತರಗತಿ ವಿಚಾರಗೋಷ್ಠಿಯ ಭಾಷಣ)

ಗೋಷ್ಠಿಯ ಅಧ್ಯಕ್ಷತೆ ವಹಿಸಿರುವ ಪ್ರಾಧ್ಯಾಪಕರೇ, ವಾಣಿಜ್ಯ ವಿಭಾಗದ ಅಧ್ಯಾಪಕರೇ, ಸಹಪಾಠಿಗಳೇ, ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಸಾಮಾಜಿಕ ಉದ್ಯಮಶೀಲತೆ, ಕೊಟ್ಟಿರುವ ಸಮಯ ಕಡಿಮೆ. ಆದ್ದರಿಂದ ವ್ಯಾಖ್ಯಾನವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಸಮಾಜದ ಒಂದು ತೊಂದರೆಯನ್ನು ನೀಗಿಸುವುದೇ ಮುಖ್ಯ ಗುರಿಯಾಗಿದ್ದು, ಅದಕ್ಕೆ ಬೇಕಾದ ಹಣದ ಬಹುಪಾಲನ್ನು ವ್ಯವಹಾರದಿಂದಲೇ ದುಡಿದುಕೊಳ್ಳುವ ಪ್ರಯತ್ನಕ್ಕೆ ಈ ಹೆಸರು. ದಾನದಿಂದ ನಡೆಯುವ ಸೇವಾ ಸಂಸ್ಥೆ ಇದಲ್ಲ. ಲಾಭ ಮಾಡಿ, ಅದರಲ್ಲಿ ಒಂದಿಷ್ಟನ್ನು ವರ್ಷಕ್ಕೊಮ್ಮೆ ಸಮಾಜಕ್ಕೆ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಕಂಪನಿಯೂ ಇದಲ್ಲ.

ಇಂಥ ಯಾವ ಉದ್ಯಮದ ಕಥೆ ಕೇಳಿದರೂ ನಾನು ಮೊದಲು ನೋಡುವುದು ಒಂದನ್ನೇ. ಇಲ್ಲಿ ಉಪಕಾರ ಆಗುತ್ತಿರುವುದು ಯಾರಿಗೆ, ದುಡ್ಡು ಕೊಡುತ್ತಿರುವವರು ಯಾರು? ಅಂಗಡಿಯಲ್ಲಿ ಇಬ್ಬರೂ ಒಬ್ಬರೇ. ಸೋಪು ಚೆನ್ನಾಗಿಲ್ಲದಿದ್ದರೆ ಮುಂದಿನ ತಿಂಗಳು ಬೇರೆ ಸೋಪು ಕೊಳ್ಳುತ್ತೇವೆ, ತಯಾರಿಸಿದವನಿಗೆ ಸುದ್ದಿ ತಾನಾಗಿ ಮುಟ್ಟುತ್ತದೆ. ಸಾಮಾಜಿಕ ಉದ್ಯಮದಲ್ಲಿ ಸಾಮಾನ್ಯವಾಗಿ ಇಬ್ಬರೂ ಬೇರೆ ಬೇರೆ. ಸಂಸ್ಥೆಯ ಕಿವಿ ದುಡ್ಡು ಬರುವ ಕಡೆಗೇ ಇರುತ್ತದೆ. ಇದರಲ್ಲಿ ಕೆಟ್ಟತನವೇನೂ ಇಲ್ಲ, ಸಂಬಳ ಕೊಡಬೇಕಾದ ಯಾರೂ ಹಾಗೆಯೇ ಇರುತ್ತಾರೆ. ಉಪಕಾರ ಪಡೆಯುವವರ ಮಾತೂ ಆ ಕಿವಿಗೆ ಬೀಳುವಂತೆ ಸಂಸ್ಥೆಯನ್ನು ಕಟ್ಟುವುದು ಹೇಗೆ ಎಂಬುದೇ ಈ ಕ್ಷೇತ್ರದ ಕಷ್ಟದ ಭಾಗ.

ಇದನ್ನು ನಾನು ಕಂಡಂತೆ ಅತ್ಯಂತ ಜಾಣತನದಿಂದ ಬಿಡಿಸಿದವರು ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು. 1976ರಲ್ಲಿ, ಸರ್ಕಾರಿ ಸೇವೆಯಿಂದ ನಿವೃತ್ತರಾದ 58 ವರ್ಷದ ನೇತ್ರತಜ್ಞ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳೊಂದಿಗೆ ಅದನ್ನು ಆರಂಭಿಸಿದರು. ಎಳೆಯ ವಯಸ್ಸಿನಲ್ಲೇ ಬಂದ ಸಂಧಿವಾತದಿಂದ ಅವರ ಕೈಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಹಟ ಹಿಡಿದು ಕಣ್ಣಿನ ಶಸ್ತ್ರಚಿಕಿತ್ಸೆ ಕಲಿತವರು ಅವರು. ಇದು ಸ್ಫೂರ್ತಿ ಕೊಡುವ ಸಂಗತಿಯೇ ಸರಿ. ಆದರೆ ವಾಣಿಜ್ಯ ವಿದ್ಯಾರ್ಥಿಗಳಾದ ನಾವು ನೋಡಬೇಕಾದದ್ದು ಅವರ ಶಸ್ತ್ರಚಿಕಿತ್ಸಾ ಕೊಠಡಿಯನ್ನು.

ಅಲ್ಲಿ ಒಬ್ಬ ಸರ್ಜನ್‌ಗೆ ಎರಡು ಮೇಜುಗಳಿವೆ. ಒಂದರ ಮೇಲೆ ಪೊರೆ ತೆಗೆಯುವ ಕೆಲಸ ನಡೆಯುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧರಾಗಿರುತ್ತಾರೆ. ಮೊದಲ ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಸರ್ಜನ್ ಸೂಕ್ಷ್ಮದರ್ಶಕವನ್ನು ಆಚೆ ತಿರುಗಿಸಿ ಎರಡನೆಯದನ್ನು ಶುರುಮಾಡುತ್ತಾರೆ. ಕಣ್ಣು ಪರೀಕ್ಷಿಸುವುದು, ಔಷಧ ಹಾಕುವುದು, ರೋಗಿಯನ್ನು ಅಣಿಗೊಳಿಸುವುದು, ಪಟ್ಟಿ ಕಟ್ಟುವುದು ಇವೆಲ್ಲ ದಾದಿಯರ ಪಾಲು. ಹಳ್ಳಿಗಳ ಯುವತಿಯರನ್ನು ಆರಿಸಿ ಆಸ್ಪತ್ರೆಯೇ ಅವರಿಗೆ ತರಬೇತಿ ಕೊಡುತ್ತದೆ. ಸರ್ಜನ್ ಮಾತ್ರ ಮಾಡಬಲ್ಲ ಕೆಲಸವಷ್ಟೇ ಸರ್ಜನ್ ಕೈಗೆ ಬರುತ್ತದೆ. ಸ್ಥಿರ ವೆಚ್ಚವನ್ನು ಹೆಚ್ಚು ಘಟಕಗಳ ಮೇಲೆ ಹಂಚಿದರೆ ಪ್ರತಿ ಘಟಕದ ವೆಚ್ಚ ಇಳಿಯುತ್ತದೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಅದೇ ಇದು. ಅದು ಕಣ್ಣು ಕೊಡಿಸುವುದಕ್ಕೂ ಬರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇನ್ನು ದುಡ್ಡಿನ ವಿಚಾರ. ಒಂದು ಭಾಗದ ರೋಗಿಗಳು ಪೂರ್ತಿ ಶುಲ್ಕ ಕೊಡುತ್ತಾರೆ. ಉಳಿದವರಿಗೆ ಉಚಿತ, ಇಲ್ಲವೇ ತೀರಾ ಕಡಿಮೆ ದರ. ಆದಾಯ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ, ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ರೋಗಿಯೇ ತೀರ್ಮಾನಿಸಿಕೊಳ್ಳುತ್ತಾರೆ. ಕೊಠಡಿ, ಹಾಸಿಗೆಯಂಥ ಸೌಕರ್ಯಗಳಲ್ಲಿ ವ್ಯತ್ಯಾಸವಿದೆ, ವೈದ್ಯರಲ್ಲಿ ಇಲ್ಲ. ಅದೇ ವೈದ್ಯರು ಸರದಿಯ ಮೇಲೆ ಎರಡೂ ಕಡೆ ಕೆಲಸ ಮಾಡುತ್ತಾರೆ. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ಉಚಿತ ಚಿಕಿತ್ಸೆ ಪಡೆದವರು ದೂರು ಹೇಳಲು ಹಿಂಜರಿಯುತ್ತಾರೆ, ಹೇಳಿದರೂ ಅದಕ್ಕೆ ಎಲ್ಲ ಕಡೆ ಬೆಲೆ ಸಿಗುವುದಿಲ್ಲ. ದುಡ್ಡು ಕೊಟ್ಟವರು ಸುಮ್ಮನಿರುವುದಿಲ್ಲ, ಚಿಕಿತ್ಸೆ ಸರಿಯಿಲ್ಲದಿದ್ದರೆ ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಅವರನ್ನು ಉಳಿಸಿಕೊಳ್ಳಲು ಕಾಯ್ದುಕೊಂಡ ಗುಣಮಟ್ಟವೇ ಉಚಿತ ವಿಭಾಗಕ್ಕೂ ಸಿಗುತ್ತದೆ. ಶುಲ್ಕ ಕೊಡುವ ರೋಗಿ ತನಗೆ ಗೊತ್ತಿಲ್ಲದೆಯೇ ಬಡ ರೋಗಿಯ ಪರವಾಗಿಯೂ ಜಗಳವಾಡುತ್ತಿರುತ್ತಾರೆ.

ಇಷ್ಟಾದರೂ ಆಸ್ಪತ್ರೆಯ ಕಣ್ಣು ತಪಾಸಣಾ ಶಿಬಿರಗಳಲ್ಲಿ ಪೊರೆ ಪತ್ತೆಯಾದವರಲ್ಲಿ ಅನೇಕರು ಉಚಿತ ಶಸ್ತ್ರಚಿಕಿತ್ಸೆಗೂ ಬರುತ್ತಿರಲಿಲ್ಲ. ಏಕೆಂದು ವಿಚಾರಿಸಿದಾಗ ಗೊತ್ತಾದದ್ದು, ಚಿಕಿತ್ಸೆ ಉಚಿತವಾದರೂ ಬಸ್ಸಿನ ಖರ್ಚು, ಊಟದ ಖರ್ಚು, ಕಳೆದುಕೊಳ್ಳುವ ದಿನಗೂಲಿ ಯಾವುದೂ ಉಚಿತವಲ್ಲ. ಆಸ್ಪತ್ರೆಯವರು ಪ್ರಯಾಣವನ್ನೂ ಊಟವನ್ನೂ ತಾವೇ ವಹಿಸಿಕೊಂಡರು. ಕಣ್ಣಿನೊಳಗೆ ಇಡುವ ಮಸೂರವನ್ನು ಆಮದು ಮಾಡಿಕೊಳ್ಳುವುದು ದುಬಾರಿಯಾದಾಗ, 1992ರಲ್ಲಿ ಅರೋಲ್ಯಾಬ್ ಎಂಬ ಘಟಕ ಸ್ಥಾಪಿಸಿ ಮಸೂರಗಳನ್ನೂ ತಾವೇ ತಯಾರಿಸತೊಡಗಿದರು. ಆಮದು ಮಸೂರದ ಬೆಲೆಯ ಸಣ್ಣ ಪಾಲಿಗೆ ಅದು ಸಿಗುವಂತಾಯಿತು.

ಈಗ ತದ್ವಿರುದ್ಧವಾದ ಉದಾಹರಣೆ. ಆಫ್ರಿಕಾದ ದಕ್ಷಿಣದ ದೇಶಗಳಲ್ಲಿ ಪ್ಲೇಪಂಪ್ ಎಂಬ ಸಾಧನ ಬಂದಿತ್ತು. ಮಕ್ಕಳು ಆಡುವ ತಿರುಗುಚಕ್ರಕ್ಕೆ ನೀರಿನ ಪಂಪ್ ಜೋಡಿಸಿದ್ದರು. ಮಕ್ಕಳು ಆಡುತ್ತಾರೆ, ನೀರು ಮೇಲಿನ ತೊಟ್ಟಿಗೆ ಏರುತ್ತದೆ, ತೊಟ್ಟಿಯ ಸುತ್ತಲಿನ ಜಾಹೀರಾತು ಫಲಕಗಳ ಆದಾಯದಿಂದ ರಿಪೇರಿ ಖರ್ಚು ಹುಟ್ಟುತ್ತದೆ. ಕಾಗದದ ಮೇಲೆ ಇದಕ್ಕಿಂತ ಮುದ್ದಾದ ಯೋಜನೆ ಸಿಗುವುದು ಕಷ್ಟ. 2006ರಲ್ಲಿ ಅಮೆರಿಕದಿಂದ ಭಾರಿ ನೆರವಿನ ಭರವಸೆಯೂ ಬಂತು. ನಡೆದದ್ದೇನು? ಪಂಪಿನವರು ಹೇಳಿಕೊಂಡಷ್ಟು ಜನರಿಗೆ ಸಾಕಾಗುವ ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಎಂದು ಬ್ರಿಟನ್ನಿನ ಪತ್ರಿಕೆಯೊಂದು ಲೆಕ್ಕ ಹಾಕಿ ತೋರಿಸಿತು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಹೆಂಗಸರೇ ಬಗ್ಗಿ ಆ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ದೂರದ ಹಳ್ಳಿಗಳಲ್ಲಿ ಜಾಹೀರಾತು ಹಾಕಲು ಕಂಪನಿಗಳು ಮುಂದೆ ಬರಲಿಲ್ಲ. ಕೆಲವು ಕಡೆ ಮೊದಲಿದ್ದ ಕೈಪಂಪನ್ನು ಕಿತ್ತುಹಾಕಿ ಇದನ್ನು ಕೂರಿಸಿದ್ದರು. ಇಲ್ಲಿ ದುಡ್ಡು ಕೊಡುವವರು ದಾನಿಗಳು, ನೀರು ಸೇದುವವರು ಹಳ್ಳಿಯ ಹೆಂಗಸರು. ಯೋಜನೆ ಒಪ್ಪಿಗೆಯಾದದ್ದು ದಾನಿಗಳಿಗೆ. ಆ ಹೆಂಗಸರನ್ನು ಮೊದಲೇ ಕೇಳಿದ್ದರೆ ಗಟ್ಟಿಯಾದ ಕೈಪಂಪು ಸಾಕು ಎನ್ನುತ್ತಿದ್ದರೋ ಏನೋ.

ಹಾಗಾದರೆ ಫಲಾನುಭವಿಯಿಂದಲೇ ದುಡ್ಡು ತೆಗೆದುಕೊಂಡರೆ ಸಮಸ್ಯೆ ಮುಗಿಯಿತೇ? ಸೆಲ್ಕೋ ಸಂಸ್ಥೆಯ ಉದಾಹರಣೆ ನೋಡಿದರೆ ಹೌದು ಎನಿಸುತ್ತದೆ. 1995ರಿಂದ ಬಡವರ ಮನೆಗಳಿಗೆ ಸೌರದೀಪ ಮಾರುತ್ತಿರುವ ಈ ಸಂಸ್ಥೆಯ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ದುಬಾರಿಯಲ್ಲ ಎಂಬ ಮಾತು ತಮಗೆ ಪಾಠವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಗುಣಿಸಿ ನೋಡಿದರೆ ಎರಡೂ ಒಂದೇ ಮೊತ್ತ. ಆದರೆ ದಿನದ ದುಡಿಮೆಯವರ ಕೈಯಲ್ಲಿ ತಿಂಗಳ ಕೊನೆಗೆ 300 ರೂಪಾಯಿ ಉಳಿದಿರುವುದಿಲ್ಲ. ದೀಪದಷ್ಟೇ ಕಾಳಜಿಯಿಂದ ಕಂತನ್ನೂ ರೂಪಿಸಬೇಕು ಎಂಬುದು ಕೊಳ್ಳುವವರ ಬಾಯಿಂದಲೇ ಬಂದ ತಿಳಿವಳಿಕೆ.

ಕಿರುಸಾಲದ ಚರಿತ್ರೆಯನ್ನು ನೋಡಿದರೆ ಮಾತ್ರ ಈ ಉತ್ತರ ಅಲುಗಾಡುತ್ತದೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರಿನಷ್ಟು ಹಣವನ್ನು ತಮ್ಮ ಜೇಬಿನಿಂದ ಸಾಲ ಕೊಟ್ಟರು. ಒಬ್ಬೊಬ್ಬರಿಗೆ ಒಂದು ಡಾಲರೂ ಬರಲಿಲ್ಲ, ಆದರೂ ಸಾಲ ಕೊಟ್ಟು ದುಡಿಸಿಕೊಳ್ಳುತ್ತಿದ್ದ ವ್ಯಾಪಾರಿಯ ಹಿಡಿತದಿಂದ ಬಿಡಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಅದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ಯೂನುಸ್ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಬ್ಯಾಂಕಿನ ಷೇರುಗಳಲ್ಲಿ ಹೆಚ್ಚಿನ ಪಾಲು ಸಾಲ ಪಡೆದ ಮಹಿಳೆಯರದ್ದೇ ಎಂಬುದನ್ನು ಗಮನಿಸಿ. ಇದೇ ಮಾದರಿ ಹೊರಗಿನ ಹೂಡಿಕೆದಾರರ ಕೈಗೆ ಹೋದ ಕಡೆ ಕಥೆ ಬೇರೆಯಾಯಿತು. ಅವರಿಗೆ ಬೇಕಾದದ್ದು ವರ್ಷದಿಂದ ವರ್ಷಕ್ಕೆ ಹೆಚ್ಚುವ ಸಾಲದ ಮೊತ್ತ. ಒಂದೇ ಮನೆಗೆ ನಾಲ್ಕಾರು ಸಂಸ್ಥೆಗಳ ಸಾಲ, ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ. ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ವರದಿಗಳು ಬಂದ ಮೇಲೆ 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಎರಡು ಕಡೆಯೂ ದುಡ್ಡು ಕಟ್ಟಿದವರು ಬಡ ಮಹಿಳೆಯರೇ. ವ್ಯತ್ಯಾಸ ಇದ್ದದ್ದು ಮಿಕ್ಕ ಲಾಭ ಯಾರ ಮನೆಗೆ ಹೋಗುತ್ತದೆ ಎಂಬುದರಲ್ಲಿ. ಆದ್ದರಿಂದ ನನ್ನ ಪ್ರಶ್ನೆಗೆ ಒಂದು ಬಾಲ ಸೇರಿಸಬೇಕಾಗಿದೆ. ದುಡ್ಡು ಕೊಡುವವರು ಯಾರು ಎಂದು ಕೇಳಿದ ಮೇಲೆ, ಒಡೆಯರು ಯಾರು ಎಂದೂ ಕೇಳಬೇಕು.

ಕಾನೂನುಗಳೂ ಇದನ್ನು ಗುರುತಿಸಿವೆ. ನಮ್ಮ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನೋಂದಾಯಿಸಿದ ಕಂಪನಿ ಲಾಭ ಮಾಡಬಹುದು, ಲಾಭಾಂಶ ಹಂಚುವಂತಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಸಮುದಾಯ ಹಿತಾಸಕ್ತಿ ಕಂಪನಿ ಎಂಬ ವರ್ಗವಿದೆ, ಅದರ ಆಸ್ತಿಯನ್ನು ಸಮುದಾಯದ ಉದ್ದೇಶಕ್ಕಲ್ಲದೆ ಬೇರೆಡೆಗೆ ಸಾಗಿಸಲು ಬರುವುದಿಲ್ಲ. ಬಾಗಿಲಿಗೆ ಬೀಗವೇನೋ ಬಿತ್ತು. ಆದರೆ ಲಾಭದ ಆಸೆ ತೋರಿಸದೆ ಬಂಡವಾಳ ತರುವುದು ಹೇಗೆ ಎಂಬ ತಲೆನೋವು ಹಾಗೆಯೇ ಉಳಿದಿದೆ.

ಗಂಟೆ ಬಾರಿಸುವ ಮುನ್ನ, ಚರ್ಚೆಗಾಗಿ ಒಂದು ಸನ್ನಿವೇಶವನ್ನು ನಿಮ್ಮ ಮುಂದಿಡುತ್ತೇನೆ. ಶುಲ್ಕ ಕೊಡುವ ರೋಗಿಗಳಿಂದಲೇ ಉಚಿತ ವಿಭಾಗ ನಡೆಸುವ ಒಂದು ಆಸ್ಪತ್ರೆಯ ಎದುರು ಹೊಸ ಖಾಸಗಿ ಆಸ್ಪತ್ರೆ ಬಂದಿದೆ ಎಂದುಕೊಳ್ಳಿ. ಶುಲ್ಕ ಕೊಡುವವರಲ್ಲಿ ಅರ್ಧದಷ್ಟು ಮಂದಿ ಅತ್ತ ಹೋಗುತ್ತಾರೆ. ಹೂಡಿಕೆದಾರರೊಬ್ಬರು ಬಂಡವಾಳ ತರಲು ಸಿದ್ಧರಿದ್ದಾರೆ, ಆದರೆ ಆಡಳಿತ ಮಂಡಳಿಯಲ್ಲಿ ಎರಡು ಸ್ಥಾನ ಕೇಳುತ್ತಿದ್ದಾರೆ. ಇತ್ತ ದಾನಿಯೊಬ್ಬರು ಯಾವ ಸ್ಥಾನವನ್ನೂ ಕೇಳದೆ ಹಣ ಕೊಡುತ್ತಾರೆ, ಆದರೆ ಮೂರು ವರ್ಷಕ್ಕೆ ಮಾತ್ರ. ಉಚಿತ ವಿಭಾಗದ ಹಾಸಿಗೆಗಳನ್ನು ಅರ್ಧಕ್ಕೆ ಇಳಿಸುವುದು ಮೂರನೆಯ ದಾರಿ. ಮಂಡಳಿಯ ಸಭೆ ನಾಳೆ ಬೆಳಿಗ್ಗೆ ಇದೆ, ನೀವು ಅದರ ಸದಸ್ಯರು.

ನಾನಾದರೆ ದಾನಿಯ ಹಣ ತೆಗೆದುಕೊಂಡು, ಮೂರು ವರ್ಷದೊಳಗೆ ಶುಲ್ಕದ ರೋಗಿಗಳನ್ನು ಮರಳಿ ತರಲು ನೋಡುತ್ತೇನೆ. ಒಪ್ಪದವರು ದಯವಿಟ್ಟು ಕೈ ಎತ್ತಿ, ಅಧ್ಯಕ್ಷರ ಅನುಮತಿಯಿಂದ ಮಾತನಾಡಿ.

ಧನ್ಯವಾದಗಳು.