ವಿದ್ಯಾರ್ಥಿನಿಲಯ ಕಟ್ಟಡದ ಗುತ್ತಿಗೆ ಕರಾರು: ಆಡಳಿತ ಮಂಡಳಿಗೆ ಸಾರಾಂಶ ಟಿಪ್ಪಣಿ

ದಿನಾಂಕ: 14 ಅಕ್ಟೋಬರ್ 2025, ಶಿವಮೊಗ್ಗ

ಮಾನ್ಯರೇ,

ಟ್ರಸ್ಟ್ ಮತ್ತು ಗುತ್ತಿಗೆದಾರರ ನಡುವೆ 12 ಜೂನ್ 2024ರಂದು ಆದ ಕರಾರು, ಅದರ ದರಪಟ್ಟಿ ಹಾಗೂ ಈವರೆಗಿನ ಪತ್ರವ್ಯವಹಾರವನ್ನು ಓದಿ ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಕರಾರಿನ ಮೊತ್ತ ಜಿಎಸ್‌ಟಿ ಹೊರತುಪಡಿಸಿ 4.80 ಕೋಟಿ ರೂಪಾಯಿ. ನಿವೇಶನ ಹಸ್ತಾಂತರವಾದದ್ದು 1 ಜುಲೈ 2024ರಂದು. ಅಲ್ಲಿಂದ 15 ತಿಂಗಳು, ಅಂದರೆ 30 ಸೆಪ್ಟೆಂಬರ್ 2025ಕ್ಕೆ ಕೆಲಸ ಮುಗಿಯಬೇಕಿತ್ತು. ಡಿಸೆಂಬರ್ 31ಕ್ಕೆ ಮುಗಿಸುವುದಾಗಿ ಗುತ್ತಿಗೆದಾರರು ಈಗ ತಿಳಿಸಿದ್ದಾರೆ.

ಷರತ್ತು 22ರ ಪ್ರಕಾರ, ವಿಳಂಬವಾದ ಪ್ರತಿ ಪೂರ್ಣ ವಾರಕ್ಕೆ ಕರಾರು ಮೊತ್ತದ ಶೇ. 0.5, ಅಂದರೆ 2.40 ಲಕ್ಷ ರೂಪಾಯಿ ನಿಗದಿತ ನಷ್ಟಪರಿಹಾರವನ್ನು ಕಡಿತ ಮಾಡಬಹುದು. ಒಟ್ಟು ಮಿತಿ ಶೇ. 5, ಅಂದರೆ 24 ಲಕ್ಷ. ಇದು ದಂಡವೆಂದು ಮಂಡಳಿಯ ಕೆಲವು ಸದಸ್ಯರು ಭಾವಿಸಿದಂತಿದೆ. 1872ರ ಭಾರತೀಯ ಕರಾರು ಅಧಿನಿಯಮದ 74ನೇ ಕಲಂ ಕೊಡಿಸುವುದು ನಮೂದಿಸಿದ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರವನ್ನು ಮಾತ್ರ. ನಷ್ಟವನ್ನು ರುಜುವಾತುಪಡಿಸಲು ಸಾಧ್ಯವಿರುವಲ್ಲಿ ಅದನ್ನು ರುಜುವಾತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ವಿದ್ಯಾರ್ಥಿನಿಯರಿಗಾಗಿ ಬಾಡಿಗೆಗೆ ಪಡೆದಿರುವ ಕಟ್ಟಡಕ್ಕೆ ತಿಂಗಳಿಗೆ ತೆರುತ್ತಿರುವ 1.60 ಲಕ್ಷ ರೂಪಾಯಿಯ ರಸೀದಿಗಳನ್ನು ದಯವಿಟ್ಟು ಜೋಪಾನವಾಗಿಡಿ.

ಕಾಲಾವಧಿ ವಿಸ್ತರಣೆಗೆ ಷರತ್ತು 19 ಅನ್ವಯಿಸುತ್ತದೆ. ಅಡಚಣೆ ಉಂಟಾದ 14 ದಿನಗಳೊಳಗೆ ಲಿಖಿತ ನೋಟಿಸ್, 28 ದಿನಗಳೊಳಗೆ ವಿವರ, ಅದಾದ 30 ದಿನಗಳಲ್ಲಿ ಎಂಜಿನಿಯರರ ತೀರ್ಮಾನ ಎಂಬುದು ಅದರ ಕ್ರಮ. ಗುತ್ತಿಗೆದಾರರು ಒಟ್ಟು 75 ದಿನ ಕೇಳಿದ್ದಾರೆ. ಮರಳಿನ ಕೊರತೆಯ 15 ದಿನಗಳು ಕರಾರಿನಂತೆ ಅವರದೇ ಹೊಣೆ. ಮಳೆಯ 20 ದಿನಗಳ ವಿಷಯದಲ್ಲಿ, ಸಾಮಾನ್ಯ ಮುಂಗಾರನ್ನು ಕರಾರು ಸ್ಪಷ್ಟವಾಗಿ ಹೊರಗಿಟ್ಟಿದೆ. ಅಸಾಧಾರಣ ಮಳೆಗೆ ಅವರು ದಾಖಲೆಯನ್ನೂ ಕೊಟ್ಟಿಲ್ಲ. ಆದರೆ ಅಡಿಪಾಯ ಅಗೆಯುವಾಗ ಬಂಡೆ ಸಿಕ್ಕಿದ ಮೇಲೆ ಪರಿಷ್ಕೃತ ನಕ್ಷೆಯನ್ನು ನಮ್ಮ ಕಡೆಯಿಂದ 33 ದಿನ ತಡವಾಗಿ ಕೊಡಲಾಯಿತು, ಇದಕ್ಕೆ ಅವರ ನೋಟಿಸ್ ಅವಧಿಯೊಳಗೇ ಬಂದಿದೆ. ಅವರು ಕೇಳಿದ 40 ದಿನಗಳಲ್ಲಿ ಈ 33 ದಿನಗಳನ್ನು ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಆಗ ಮುಕ್ತಾಯದ ದಿನಾಂಕ 2 ನವೆಂಬರ್ ಆಗುತ್ತದೆ. ಡಿಸೆಂಬರ್ 31ಕ್ಕೆ ಕೆಲಸ ಮುಗಿದರೆ ಎಂಟು ಪೂರ್ಣ ವಾರಗಳಿಗೆ 19.20 ಲಕ್ಷ ಕಡಿತ ಮಾಡಬಹುದು. ವಿಸ್ತರಣೆ ನಿರಾಕರಿಸಿದರೆ ಕಾಗದದ ಮೇಲೆ 24 ಲಕ್ಷ ಸಿಗುತ್ತದೆ, ಆದರೆ ನಮ್ಮದೇ ತಪ್ಪಿನ ದಿನಗಳಿಗೂ ಹಣ ಕೇಳಿದಂತಾಗಿ ಇಡೀ ಬೇಡಿಕೆ ದುರ್ಬಲವಾಗುತ್ತದೆ.

ಎಂಜಿನಿಯರರ ತೀರ್ಮಾನ ಇನ್ನೂ ಬಂದಿಲ್ಲ, ಮೂಲ ಅವಧಿಯೋ ಮುಗಿದುಹೋಗಿದೆ. ವಿಳಂಬವಾಗಿ ಕೆಲಸವನ್ನು ಒಪ್ಪಿಕೊಳ್ಳುವವರು ಆ ಹೊತ್ತಿನಲ್ಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸದಿದ್ದರೆ ಮುಂದೆ ಕೇಳಲಾಗದೆಂದು ಅದೇ ಅಧಿನಿಯಮದ 55ನೇ ಕಲಂ ಹೇಳುತ್ತದೆ. ನಷ್ಟಪರಿಹಾರದ ಹಕ್ಕನ್ನು ಕಾಯ್ದಿರಿಸಿಕೊಂಡೇ ಕೆಲಸ ಮುಂದುವರಿಸಲು ಅವಕಾಶ ಕೊಡುತ್ತಿದ್ದೇವೆ ಎಂಬ ಪತ್ರವನ್ನು ಈ ವಾರವೇ ಕಳುಹಿಸಬೇಕು.

ಹೆಚ್ಚುವರಿ ಹಾಗೂ ಬದಲಾದ ಕೆಲಸಗಳಿಗೆ ಷರತ್ತು 15ರಂತೆ ಎಂಜಿನಿಯರರ ಲಿಖಿತ ವೇರಿಯೇಷನ್ ಆರ್ಡರ್ ಕಡ್ಡಾಯ. ದರವನ್ನು ಮೊದಲು ಕರಾರಿನ ದರಪಟ್ಟಿಯಿಂದ, ಅಲ್ಲಿಲ್ಲದಿದ್ದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ, ಅಲ್ಲೂ ಇಲ್ಲದಿದ್ದರೆ ಮಾರುಕಟ್ಟೆ ದರಕ್ಕೆ ಶೇ. 15 ಸೇರಿಸಿ ನಿರ್ಧರಿಸಬೇಕು. ಅಡುಗೆಮನೆಯ ವಿಸ್ತರಣೆಗೆ ಗುತ್ತಿಗೆದಾರರು 11.50 ಲಕ್ಷ ಕೇಳಿದ್ದಾರೆ; ಲಿಖಿತ ಆದೇಶವಿಲ್ಲ, ಆದರೆ ಅದನ್ನು ಕಟ್ಟಲು ಹೇಳಿದ್ದು ಟ್ರಸ್ಟಿನವರೇ, ಕಟ್ಟಿದ್ದೂ ನಮ್ಮ ಕಣ್ಣೆದುರೇ. ಹಣವನ್ನೇ ಕೊಡುವುದಿಲ್ಲವೆಂಬ ನಿಲುವು ಸರಿಯಲ್ಲ. ಅಳತೆ ತೆಗೆಸಿ, ಮೇಲಿನ ಕ್ರಮದಲ್ಲಿ ದರ ಕಟ್ಟಿ, ಅದಕ್ಕೆ ಹೆಚ್ಚುವರಿ ಕಾಲ ಬೇಕೋ ಬೇಡವೋ ಎಂಬುದನ್ನು ಅದರಲ್ಲೇ ಬರೆದು ಆದೇಶವನ್ನು ಕ್ರಮಬದ್ಧಗೊಳಿಸಬೇಕು.

ಪಾವತಿ ಹಂತಗಳು ಏಳು: ಪ್ಲಿಂತ್, ಮೂರು ಅಂತಸ್ತುಗಳ ಛಾವಣಿ, ಗೋಡೆ ಮತ್ತು ಗಾರೆ, ಫಿನಿಶಿಂಗ್ ಈ ಆರಕ್ಕೂ ತಲಾ ಶೇ. 15, ಹಸ್ತಾಂತರಕ್ಕೆ ಶೇ. 10. ಆರಂಭದಲ್ಲಿ ಬ್ಯಾಂಕ್ ಗ್ಯಾರಂಟಿಯ ಮೇಲೆ ಕೊಟ್ಟ 48 ಲಕ್ಷ ಮುಂಗಡವನ್ನು ಮೊದಲ ಐದು ಬಿಲ್ಲುಗಳಲ್ಲಿ ಸಮನಾಗಿ ಹಿಂಪಡೆಯಬೇಕು. ಪ್ರತಿ ಬಿಲ್ಲಿನಿಂದ ಶೇ. 5 ರಿಟೆನ್ಷನ್ ಹಿಡಿದು, ಅದನ್ನು ಹಸ್ತಾಂತರದ 12 ತಿಂಗಳ ನಂತರ ಮರಳಿಸಬೇಕು.

ಐದನೇ ಬಿಲ್ಲಿನ 72 ಲಕ್ಷದಲ್ಲಿ ಮುಂಗಡದ 9.60 ಲಕ್ಷ, ರಿಟೆನ್ಷನ್ 3.60 ಲಕ್ಷ ಕಳೆದು ಜಿಎಸ್‌ಟಿಗೆ ಮುನ್ನ 58.80 ಲಕ್ಷ ಸಲ್ಲಬೇಕು. ಎಂಜಿನಿಯರರು ಅದನ್ನು ಸೆಪ್ಟೆಂಬರ್ 8ರಂದೇ ದೃಢೀಕರಿಸಿದ್ದು, 21 ದಿನಗಳ ಗಡುವು 29ಕ್ಕೆ ಮುಗಿದಿದೆ. ನಷ್ಟಪರಿಹಾರಕ್ಕೆ ಭದ್ರತೆಯಾಗಲೆಂದು ಇದನ್ನು ತಡೆಹಿಡಿಯಲಾಗಿದೆ ಎಂದು ತಿಳಿದುಬಂತು. ಕಡಿತ ಮಾಡಬೇಕಾದ ಪರಿಹಾರ ಇಂದಿಗೆ ಒಂದು ರೂಪಾಯಿಯೂ ನಿರ್ಣಯವಾಗಿಲ್ಲ. ತಡೆಹಿಡಿದ ಪ್ರತಿ ದಿನಕ್ಕೆ ವಾರ್ಷಿಕ ಶೇ. 9ರ ದರದಲ್ಲಿ ಸುಮಾರು 1,450 ರೂಪಾಯಿ ಬಡ್ಡಿ ಬೀಳುತ್ತಿದೆ. ಅದಕ್ಕಿಂತ ಗಂಭೀರವಾದದ್ದೆಂದರೆ, ಗಡುವು ಮೀರಿ 42 ದಿನ ಕಳೆಯುವ ನವೆಂಬರ್ 10ರ ನಂತರ ಗುತ್ತಿಗೆದಾರರು ಷರತ್ತು 27ರಡಿ ಕೆಲಸ ನಿಲ್ಲಿಸಿ, ನಿಂತ ಅವಧಿಗೂ ವಿಸ್ತರಣೆ ಕೇಳಬಹುದು. ಆಗ ನಾವು ಉಳಿಸಿಕೊಳ್ಳಲು ಹೊರಟ ನಷ್ಟಪರಿಹಾರವೇ ಕೈತಪ್ಪುತ್ತದೆ.

ಹಕ್ಕು ಕಾಯ್ದಿರಿಸುವ ಪತ್ರವನ್ನು ಮೊದಲು ಕಳುಹಿಸಿ, ಐದನೇ ಬಿಲ್ಲನ್ನು ಅಕ್ಟೋಬರ್ 20ರೊಳಗೆ ಬಡ್ಡಿಸಹಿತ ಪಾವತಿಸಲು ಶಿಫಾರಸು ಮಾಡುತ್ತೇನೆ. ನಿಗದಿತ ಪರಿಹಾರವನ್ನು ಆರನೇ ಮತ್ತು ಏಳನೇ ಬಿಲ್ಲುಗಳಲ್ಲಿ ಕಡಿತ ಮಾಡಲು ಸಾಕಷ್ಟು ಮೊತ್ತ ಉಳಿದಿರುತ್ತದೆ.

ತಮ್ಮ ವಿಶ್ವಾಸಿ,
ಕಾನೂನು ಸಲಹೆಗಾರರು