ತಾರಸಿ ವಾಟರ್‌ಪ್ರೂಫಿಂಗ್: ದರದ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರ

ಮೇಡಂ, ನಮಸ್ಕಾರ.

ನಿನ್ನೆ ರಾತ್ರಿ ನೀವು ಕಳಿಸಿದ ಇನ್ನೊಬ್ಬ ಕಾಂಟ್ರಾಕ್ಟರರ ಕೊಟೇಶನ್ ಫೋಟೋ ನೋಡಿದೆ. ಅವರ ದರ ನನ್ನದಕ್ಕಿಂತ ನೂರಕ್ಕೆ 22ರಷ್ಟು ಕಡಿಮೆ ಇದೆ. "ಇಷ್ಟೊಂದು ವ್ಯತ್ಯಾಸ ಯಾಕೆ, ನೀವೂ ಅದೇ ರೇಟಿಗೆ ಮಾಡಿಕೊಡ್ತೀರಾ?" ಅಂತ ಕೇಳಿದ್ದೀರಿ. ಸುಮ್ನೆ ಅವರಿಗೇ ಕೆಲಸ ಒಪ್ಪಿಸಿಬಿಡದೆ ನನ್ನನ್ನು ಒಂದು ಮಾತು ಕೇಳಿದಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಮನೆಯವರಿಗೂ ತೋರಿಸಲು ಅನುಕೂಲ ಆಗಲಿ ಅಂತ ಬರೆದು ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ಓದಿ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನಾನು ಬರೆದುಕೊಟ್ಟ ಕೆಲಸವನ್ನು ಆ ದರಕ್ಕೆ ಮಾಡಲು ನನ್ನಿಂದ ಆಗುವುದಿಲ್ಲ. ಕೆಲಸವನ್ನು ಕಡಿಮೆ ಮಾಡಿದರೆ ಹಣ ಕಡಿಮೆ ಆಗುತ್ತದೆ. ಅದಕ್ಕೊಂದು ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಕೆಲಸ ಅಷ್ಟೇ ಇಟ್ಟುಕೊಂಡು ಇವತ್ತು 22 ಪರ್ಸೆಂಟ್ ಇಳಿಸಿಬಿಟ್ಟರೆ, ಮೊನ್ನೆ ಯಾಕೆ ಅಷ್ಟು ಹೇಳಿದಿರಿ ಅಂತ ನೀವು ಕೇಳಬೇಕಾಗುತ್ತದೆ. ಆ ಪ್ರಶ್ನೆಗೆ ನನ್ನ ಹತ್ತಿರ ಮರ್ಯಾದೆಯ ಉತ್ತರ ಇರುವುದಿಲ್ಲ.

ಹಾಗಂತ ಅವರ ಕೆಲಸ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಅವರು ಮಾಡಿದ ತಾರಸಿ ಯಾವುದನ್ನೂ ನಾನು ನೋಡಿಲ್ಲ. ನೋಡದೆ ಮಾತಾಡುವುದು ತಪ್ಪು. ಕಾಗದದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಅನ್ನುವುದಷ್ಟೇ ನನಗೆ ಗೊತ್ತು. ನನ್ನ ಮಾತೆಲ್ಲ ಅದರ ಮೇಲೆಯೇ.

ಅವರ ಕೊಟೇಶನ್‌ನಲ್ಲಿ ಕೆಲಸದ ವಿವರ ಒಂದೇ ಸಾಲು: "ತಾರಸಿ ಕ್ಲೀನ್ ಮಾಡಿ ಎರಡು ಕೋಟ್ ವಾಟರ್‌ಪ್ರೂಫ್ ಕೋಟಿಂಗ್, 3 ದಿನ, 10 ವರ್ಷ ವಾರಂಟಿ". ನನ್ನದರಲ್ಲೂ ಎರಡು ಕೋಟ್ ಅಂತಲೇ ಇದೆ. ಹಾಗಾಗಿ ಎರಡೂ ಒಂದೇ ಕೆಲಸ ಅಂತ ಅನ್ನಿಸುವುದು ಸಹಜ. ಆದರೆ ಕೋಟ್ ಎಷ್ಟು ಅನ್ನುವುದಕ್ಕಿಂತ ದಪ್ಪ ಎಷ್ಟು ಅನ್ನುವುದು ಮುಖ್ಯ. ತೆಳ್ಳಗೆ ಎಳೆದರೂ ಎರಡು ಕೋಟೇ, ದಪ್ಪಗೆ ಹಚ್ಚಿದರೂ ಎರಡು ಕೋಟೇ.

ಇದರ ಲೆಕ್ಕ ಸುಲಭ, ನೀವೇ ಹಾಕಿ ನೋಡಬಹುದು. ಒಂದು ಲೀಟರ್ ಕೋಟಿಂಗನ್ನು ಒಂದು ಚದರ ಮೀಟರ್ ಜಾಗಕ್ಕೆ ಸಮನಾಗಿ ಹರಡಿದರೆ ಹಸಿ ಇರುವಾಗ ಸರಿಯಾಗಿ 1 ಮಿಲಿಮೀಟರ್ ದಪ್ಪ ಬರುತ್ತದೆ. ಅದರಲ್ಲಿರುವ ನೀರು ಆರಿಹೋದ ಮೇಲೆ ಅಷ್ಟು ಉಳಿಯುವುದಿಲ್ಲ. ನಾನು ಬಳಸುವ ಮಾಲಿನಲ್ಲಿ ನೂರಕ್ಕೆ 60 ಭಾಗ ಮಾತ್ರ ಒಣಗಿದ ಮೇಲೆ ನಿಲ್ಲುತ್ತದೆ. ಅಂದರೆ 1 ಮಿಲಿಮೀಟರ್ ಹಚ್ಚಿದರೆ ಉಳಿಯುವುದು 0.6 ಮಿಲಿಮೀಟರ್. ನಾನು ನಿಮಗೆ ಬರೆದುಕೊಟ್ಟಿರುವುದು ಒಣಗಿದ ಮೇಲೆ 1 ಮಿಲಿಮೀಟರ್. ಅದಕ್ಕೆ ಒಂದು ಚದರ ಮೀಟರಿಗೆ ಸುಮಾರು 1.67 ಲೀಟರ್ ಬೇಕು. ಮೆಟ್ಟಿಲ ಮೇಲಿನ ಕೋಣೆಯ ಚಾವಣಿಯೂ ಸೇರಿ ನಿಮ್ಮ ಅಳತೆ 110 ಚದರ ಮೀಟರ್. ಒಟ್ಟು 183 ಲೀಟರ್ ಹತ್ತಿರ ಆಯಿತು. ಬ್ರಷ್ಷು, ರೋಲರ್, ಬಕೆಟ್ಟಿನ ತಳದಲ್ಲಿ ಹೋಗುವುದನ್ನೂ ಸೇರಿಸಿದರೆ 200 ಲೀಟರ್. ಅಂದರೆ 20 ಲೀಟರಿನ 10 ಬಕೆಟ್.

ಆದ್ದರಿಂದ ಅವರನ್ನು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: "ಎಷ್ಟು ಬಕೆಟ್ ತರ್ತೀರಿ?" ಅವರೂ 10 ಅಂದರೆ ಒಳ್ಳೆಯದೇ. 5 ಅಂದರೆ ದರ ಯಾಕೆ ಕಡಿಮೆ ಅಂತ ಅಲ್ಲೇ ಗೊತ್ತಾಗುತ್ತದೆ. ನನ್ನ ಕೆಲಸಕ್ಕೂ ಇದೇ ಲೆಕ್ಕ ಇಟ್ಟುಕೊಳ್ಳಿ. ಸೀಲ್ ಇರುವ ಬಕೆಟ್‌ಗಳನ್ನು ನಿಮ್ಮ ಮುಂದೆಯೇ ಎಣಿಸಿ ಇಳಿಸುತ್ತೇವೆ. ಕೆಲಸ ಮುಗಿಯುವವರೆಗೆ ಖಾಲಿ ಬಕೆಟ್ ಒಂದನ್ನೂ ಹೊರಗೆ ಸಾಗಿಸುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ತಾರಸಿಯಲ್ಲೇ ನಾವಿಬ್ಬರೂ ನೋಡಿದ್ದು. ಮಂಗಳವಾರ ಬಂದಾಗ ಪ್ಯಾರಪೆಟ್ ಗೋಡೆ ನೆಲಕ್ಕೆ ಕೂಡುವ ಕಡೆ ನಾನು ಚಾಕುವಿನ ತುದಿ ಇಟ್ಟು ತೋರಿಸಿದ್ದು ನೆನಪಿದೆಯಾ? ಮೇಲಿಂದ ನೋಡಿದರೆ ಕೂದಲೆಳೆಯಂಥ ಗೆರೆ. ಆದರೆ ಚಾಕು ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಹೋಯಿತು. ಆಮೇಲೆ ನಾಣ್ಯದಿಂದ ಗಾರೆ ತಟ್ಟುತ್ತಾ ಬಂದೆವು. ನೀರು ಹೊರಗೆ ಹೋಗುವ ಪೈಪಿನ ಬಾಯಿ ಹತ್ತಿರ ಸದ್ದು ಬದಲಾಯಿತು. ಒಣ ತೆಂಗಿನಕಾಯಿ ತಟ್ಟಿದ ಹಾಗೆ ಟೊಳ್ಳು ಸದ್ದು. ಅಲ್ಲಿ ಗಾರೆ ಕೆಳಗಿನ ಕಾಂಕ್ರೀಟನ್ನು ಬಿಟ್ಟುಕೊಂಡಿದೆ. ನಿಮ್ಮ ತಾಯಿಯವರ ಕೋಣೆಯ ಸೀಲಿಂಗ್ ಪೇಂಟ್ ಉದುರುತ್ತಿರುವುದು ಸರಿಯಾಗಿ ಅದರ ಕೆಳಗೇ. ಅವರ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಿಟ್ಟಿದ್ದನ್ನೂ ನೋಡಿದೆ.

ನನ್ನ ದರದಲ್ಲಿ ದೊಡ್ಡ ಪಾಲು ಹೋಗುವುದು ಈ ಎರಡು ಜಾಗಕ್ಕೆ. ಟೊಳ್ಳು ಗಾರೆಯನ್ನು ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು. ಬಿರುಕನ್ನು ಮೇಲಿಂದ ಮೆತ್ತಿದರೆ ಸಾಲದು, V ಆಕಾರದಲ್ಲಿ ಕೊರೆದು, ದೂಳು ತೆಗೆದು, ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ಗೋಡೆ ನೆಲ ಕೂಡುವ ಮೂಲೆಯನ್ನು ಉದ್ದಕ್ಕೂ ಇಳಿಜಾರಾಗಿ ದುಂಡಗೆ ಮಾಡಿ, ಅದರ ಮೇಲೆ ಬಲೆಯಂಥ ಬಟ್ಟೆ ಕೂರಿಸಿ ಕೋಟಿಂಗ್ ಹಚ್ಚಬೇಕು. ಬಿಸಿಲಿಗೆ ತಾರಸಿ ಹಿಗ್ಗುತ್ತದೆ, ರಾತ್ರಿ ತಂಪಿಗೆ ಕುಗ್ಗುತ್ತದೆ. ಗೋಡೆ ಮತ್ತು ನೆಲ ಒಂದೇ ಸಮ ಅಲುಗಾಡುವುದಿಲ್ಲ. ಚೂಪು ಮೂಲೆಯಲ್ಲಿ ಬರೀ ಕೋಟಿಂಗ್ ಇದ್ದರೆ ಅದು ಹರಿದುಹೋಗುವುದು ಅಲ್ಲಿಂದಲೇ. ಅವರ ಕಾಗದದಲ್ಲಿ ಈ ಮೂರರ ಪ್ರಸ್ತಾಪ ಇಲ್ಲ. ಮಾಡುವುದಿಲ್ಲ ಅಂತ ಅಲ್ಲ, ಬರೆಯದೆ ಬಿಟ್ಟಿರಬಹುದು. ಕೇಳಿ ಬರೆಸಿಕೊಳ್ಳಿ.

ದಿನದ ಲೆಕ್ಕಕ್ಕೆ ಬಂದರೆ, ಅವರು 3 ದಿನ ಅಂದಿದ್ದಾರೆ, ನಾನು 8 ದಿನ ಅಂದಿದ್ದೇನೆ. ಈ ಎಂಟರಲ್ಲಿ ನಾಲ್ಕು ದಿನ ನಮ್ಮ ಹುಡುಗರು ಹಚ್ಚುವ ಕೆಲಸವನ್ನೇ ಮಾಡುವುದಿಲ್ಲ. ಹೊಸ ಗಾರೆಗೆ ನೀರು ಹಾಕಿ ಬಿಗಿಯಲು ಬಿಡಬೇಕು, ಆಮೇಲೆ ಅದು ಒಣಗಬೇಕು. ಕೋಟಿಂಗ್ ಹಚ್ಚುವ ಹಿಂದಿನ ದಿನ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸುತ್ತೇನೆ. ಮರುದಿನ ತೆಗೆದಾಗ ಹಾಳೆಯ ಒಳಗೆ ಬೆವರಿದ್ದರೆ ಕಾಂಕ್ರೀಟಿನಲ್ಲಿ ಇನ್ನೂ ತೇವ ಇದೆ ಅಂತ ಅರ್ಥ. ಆಗ ಇನ್ನೊಂದು ದಿನ ಕಾಯುತ್ತೇನೆ. ಒದ್ದೆ ನೆಲಕ್ಕೆ ಹಚ್ಚಿದರೆ ಒಳಗಿನ ತೇವ ಆವಿಯಾಗಿ ಕೋಟಿಂಗನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಮಾತು ಬಂದಾಗ, ಕೆಲಸ ಕೈತಪ್ಪಬಾರದು ಅಂತ ಬೇರೆಯವರ ದರಕ್ಕೆ ಒಪ್ಪಿಕೊಂಡೆ. ಲೆಕ್ಕ ಹೊಂದಿಸಲು ಒಣಗುವ ದಿನಗಳನ್ನು ಕತ್ತರಿಸಿದೆ. ಎರಡೇ ತಿಂಗಳಲ್ಲಿ ಪೈಪಿನ ಬಾಯಿ ಸುತ್ತ ಅಂಗೈ ಅಗಲದ ಗುಳ್ಳೆಗಳು ಎದ್ದವು. ಪೂರ್ತಿ ಕೆರೆದು ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಹಣ ಹೋಗಿದ್ದಕ್ಕಿಂತ ಆ ಮನೆಯ ಹಿರಿಯರು ಒಂದು ಮಾತೂ ಬೈಯದೆ ಬಕೆಟ್ ಹಿಡಿದು ಸೋರುವ ನೀರು ತುಂಬುತ್ತಿದ್ದದ್ದು ನನಗೆ ಹೆಚ್ಚು ಬೇಜಾರು ಮಾಡಿತು. ಅವತ್ತಿನಿಂದ ದಿನ ಕತ್ತರಿಸಿ ದರ ಇಳಿಸುವ ಕೆಲಸ ಬಿಟ್ಟಿದ್ದೇನೆ.

ವಾರಂಟಿ ಬಗ್ಗೆ ನೀವು ಕೇಳಿಲ್ಲ, ಆದರೆ ಅವರದು 10 ವರ್ಷ, ನನ್ನದು 5 ವರ್ಷ. ಅದು ಕಣ್ಣಿಗೆ ಬಿದ್ದೇ ಇರುತ್ತದೆ ಅಲ್ವಾ? ತಾರಸಿ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ, ಮೇಲ್ಪದರ ಸವೆಯುತ್ತದೆ. ಐದು ವರ್ಷದ ಹೊತ್ತಿಗೆ ಒಂದು ಮೇಲುಕೋಟ್ ಬೇಕಾಗಬಹುದು ಅಂತ ನನ್ನ ಅಂದಾಜು. ಅದಕ್ಕೆ ಐದೇ ಬರೆದಿದ್ದೇನೆ. ಆದರೆ ಆ ಐದು ವರ್ಷದಲ್ಲಿ ನಾವು ಮಾಡಿದ ಜಾಗದಲ್ಲಿ ಸೋರಿದರೆ ಮಾಲೂ ನನ್ನದು, ಕೂಲಿಯೂ ನನ್ನದು. ಅವರ 10 ವರ್ಷದಲ್ಲಿ ಕೂಲಿ ಸೇರಿದೆಯಾ, ಮಧ್ಯೆ ನೀವು ಹಣ ಕೊಟ್ಟು ಮತ್ತೆ ಕೋಟ್ ಹಾಕಿಸಬೇಕು ಅಂತ ಷರತ್ತಿದೆಯಾ, ಇಷ್ಟು ಕೇಳಿಕೊಳ್ಳಿ.

ಈಗ ಖರ್ಚು ಇಳಿಸುವ ದಾರಿ. ಮೆಟ್ಟಿಲ ಮೇಲಿನ ಕೋಣೆಯ ಚಾವಣಿ 12 ಚದರ ಮೀಟರ್ ಇದೆ. ಅಲ್ಲಿ ಬಿರುಕು ಕಾಣಲಿಲ್ಲ, ಕೆಳಗೆ ಡ್ಯಾಂಪ್ ಕೂಡ ಇಲ್ಲ. ಈ ವರ್ಷ ಅದನ್ನು ಬಿಡಬಹುದು. ಒಂದು ಬಕೆಟ್ ಮಾಲು, ಅದಕ್ಕೆ ಹೋಗುವ ಕೂಲಿ ಉಳಿಯುತ್ತದೆ. ಹೂಕುಂಡಗಳನ್ನು ಕೆಳಗಿಳಿಸಿ, ಹಳೆಯ ನೀರಿನ ಟ್ಯಾಂಕನ್ನು ನೀವೇ ತೆಗೆಸಿಕೊಟ್ಟರೆ ನನಗೆ ಇಬ್ಬರ ಒಂದು ದಿನದ ಕೂಲಿ ಉಳಿಯುತ್ತದೆ. ಎರಡೂ ಸೇರಿ ನನ್ನ ಮೊತ್ತದಲ್ಲಿ ನೂರಕ್ಕೆ 11 ಇಳಿಯುತ್ತದೆ. ಇದು ರಿಯಾಯಿತಿ ಅಲ್ಲ, ಕೆಲಸವೇ ಅಷ್ಟು ಕಡಿಮೆ ಆಗಿದೆ. ಅವರ ದರಕ್ಕಿಂತ ಇನ್ನೂ ಜಾಸ್ತಿಯೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಿರುಕು, ಮೂಲೆ, ಪೈಪಿನ ಬಾಯಿ ಮತ್ತು 1 ಮಿಲಿಮೀಟರ್ ದಪ್ಪ, ಇವುಗಳಲ್ಲಿ ಮಾತ್ರ ಕೈ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅದನ್ನು ಬಿಟ್ಟರೆ ನಿಮ್ಮ ತಾಯಿಯವರ ಕೋಣೆ ಒಣಗುವುದಿಲ್ಲ.

ಹಣ ಒಟ್ಟಿಗೆ ಕೊಡುವುದು ಕಷ್ಟ ಅನ್ನುವುದಾದರೆ ಅದಕ್ಕೂ ಜಾಗ ಇದೆ. ಮಾಲು ಇಳಿದ ದಿನ ನೂರಕ್ಕೆ 50, ಎರಡನೇ ಕೋಟ್ ಮುಗಿದ ದಿನ 30, ಉಳಿದ 20 ನೀರು ನಿಲ್ಲಿಸಿ ನೋಡಿದ ಮೇಲೆ. ಕೋಟಿಂಗ್ ಒಂದು ವಾರ ಬಲಿತ ನಂತರ ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸುತ್ತೇವೆ. ಕೆಳಗೆ ಕೋಣೆಯಲ್ಲಿ ನೀವೇ ನಿಂತು ಸೀಲಿಂಗ್ ಮುಟ್ಟಿ ನೋಡಿ. ಹೊಸ ತೇವ ಕಂಡರೆ ಆ 20 ಕೊಡಬೇಡಿ, ಸರಿ ಮಾಡಿಕೊಟ್ಟ ಮೇಲೆ ಕೊಡಿ.

ಅವರು ಬಕೆಟ್ ಲೆಕ್ಕ, ಮೂಲೆ ಮತ್ತು ಬಿರುಕಿನ ಕೆಲಸ, ಒಣಗುವ ದಿನ, ವಾರಂಟಿಯಲ್ಲಿ ಕೂಲಿ, ಇಷ್ಟನ್ನೂ ಬರವಣಿಗೆಯಲ್ಲಿ ಅದೇ ದರಕ್ಕೆ ಕೊಟ್ಟರೆ ದಯವಿಟ್ಟು ಅವರಿಗೇ ಕೆಲಸ ಕೊಡಿ. ನನಗೆ ಬೇಸರ ಇಲ್ಲ. ಆಗಲೂ ಟೊಳ್ಳು ಗಾರೆ ಎಲ್ಲೆಲ್ಲಿದೆ ಅಂತ ನಾನು ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದೇನಲ್ಲ, ಅದನ್ನು ಅಳಿಸದೆ ಅವರಿಗೆ ತೋರಿಸಿ. ನೀವು ಕಳಿಸಿದ ಅವರ ಕೊಟೇಶನ್ ನನ್ನ ಹತ್ತಿರವೇ ಇರುತ್ತದೆ, ಯಾರಿಗೂ ತೋರಿಸುವುದಿಲ್ಲ.

ನನ್ನ ದರ ಈ ತಿಂಗಳ ಕೊನೆಯವರೆಗೆ ಹಾಗೇ ಇರುತ್ತದೆ, ಅವಸರ ಮಾಡಬೇಡಿ. ಮೆಟ್ಟಿಲ ಕೋಣೆ ಬಿಟ್ಟು ಹೊಸ ಕೊಟೇಶನ್ ಬೇಕಿದ್ದರೆ ಒಂದು ಮೆಸೇಜ್ ಹಾಕಿ, ಅದೇ ದಿನ ಸಂಜೆಯೊಳಗೆ ಕಳಿಸುತ್ತೇನೆ. ಅಲ್ಲಿಯವರೆಗೆ ಮಳೆ ಬಂದರೆ ಆ ಪೈಪಿನ ಬಾಯಿಯಲ್ಲಿ ಎಲೆ ಕಸ ನಿಲ್ಲದ ಹಾಗೆ ನೋಡಿಕೊಳ್ಳಿ. ನೀರು ನಿಲ್ಲದಿದ್ದರೆ ಕೆಳಗೆ ಇಳಿಯುವುದೂ ಕಡಿಮೆ ಆಗುತ್ತದೆ. ಮಂಚವನ್ನು ಸದ್ಯಕ್ಕೆ ಈಚೆಗೇ ಇಟ್ಟಿರಿ.

ಇಂತಿ,
ಮಂಗಳವಾರ ನಿಮ್ಮ ತಾರಸಿ ನೋಡಲು ಬಂದಿದ್ದವನು